ಪ್ರಾಜೆಕ್ಟ್ ವೈವಾಗೆ ತಯಾರಿ: "ಇದನ್ನೇ ಯಾಕೆ ಆರಿಸಿದ್ರಿ?" ಅಂತ ಕೇಳಿದಾಗ

ವೈವಾದಲ್ಲಿ ಮೇಜಿನ ಆಚೆ ಕೂತು ಪ್ರಶ್ನೆ ಕೇಳುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಒಂದು ವೈವಾ ಈಗಲೂ ಕಣ್ಣ ಮುಂದಿದೆ. ಯಾರಿಗೆ ಡಯಾಬಿಟಿಸ್ ಬರಬಹುದು ಅಂತ ಮೊದಲೇ ಹೇಳುವ ಮಾಡೆಲ್ ಮಾಡಿದ್ದ ಒಬ್ಬ ಹುಡುಗಿ ಸ್ಲೈಡ್‌ಗಳನ್ನು ಚೆನ್ನಾಗಿ ವಿವರಿಸಿದಳು. ನಾನು ಡೇಟಾ ಫೈಲ್ ತೆರೆಯಲು ಹೇಳಿದೆ.

"ಈ ಸಾಲಿನಲ್ಲಿ ರಕ್ತದೊತ್ತಡ ಎಷ್ಟಿದೆಯಮ್ಮ?"

"ಸೊನ್ನೆ, ಸರ್."

"ರಕ್ತದೊತ್ತಡ ಸೊನ್ನೆ ಇದ್ದರೆ ಮನುಷ್ಯರು ಬದುಕಿರೋಕೆ ಆಗುತ್ತಾ?"

ಅವಳು ಸುಮ್ಮನಾದಳು. ಕೋಡ್ ಅವಳೇ ಬರೆದದ್ದು, ಅದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಆ ಸೊನ್ನೆಗಳನ್ನು ನಿಜವಾದ ಅಳತೆ ಅಂತ ತಾನು ಒಪ್ಪಿಕೊಂಡುಬಿಟ್ಟಿದ್ದೇನೆ ಅನ್ನುವುದು ಅವಳಿಗೆ ಆ ಕ್ಷಣದವರೆಗೆ ಗೊತ್ತೇ ಇರಲಿಲ್ಲ.

ವೈವಾದಲ್ಲಿ ಕಷ್ಟ ಆಗುವುದು ಇಲ್ಲೇ. ಗೊತ್ತಿದ್ದು ಮಾಡಿದ ಆಯ್ಕೆಗಳ ಬಗ್ಗೆ ಎಲ್ಲರೂ ಹೇಗೋ ಉತ್ತರ ಕೊಡುತ್ತಾರೆ. ಗೊತ್ತಿಲ್ಲದೇ ಮಾಡಿದ ಆಯ್ಕೆಗಳು ಸಿಕ್ಕಿಹಾಕಿಸುತ್ತವೆ. ಲೈಬ್ರರಿ ತಾನಾಗಿ ಹಾಕಿಕೊಂಡ ಬೆಲೆ, ಯಾರದೋ ಕೋಡ್ ನೋಡಿ ತೆಗೆದುಕೊಂಡ ಅಳತೆಗೋಲು, ಡೇಟಾಸೆಟ್ ಜೊತೆ ಸುಮ್ನೆ ಬಂದುಬಿಟ್ಟ ನಂಬಿಕೆ, ಇವೆಲ್ಲ ಆ ಗುಂಪಿನವು. ಹಾಗಾಗಿ ತಯಾರಿ ಅಂದರೆ ಇವನ್ನು ಪರೀಕ್ಷಕರಿಗಿಂತ ಮೊದಲು ನೀವೇ ಹುಡುಕಿ ತೆಗೆಯುವುದು.

ಹೇಗೆ ಅಂತ ಇದೇ ಪ್ರಾಜೆಕ್ಟ್ ಇಟ್ಟುಕೊಂಡು ತೋರಿಸುತ್ತೇನೆ. ಪೀಮಾ ಡಯಾಬಿಟಿಸ್ ಡೇಟಾಸೆಟ್ ಮೇಲೆ ಪ್ರಾಜೆಕ್ಟ್ ಮಾಡುವವರು ತುಂಬಾ ಜನ. ನಿಮ್ಮದು ಬೇರೆ ವಿಷಯವಾದರೂ ಪ್ರಶ್ನೆಗಳು ಹುಟ್ಟುವ ಜಾಗ ಹೆಚ್ಚುಕಡಿಮೆ ಇವೇ.

ಮೊದಲ ಕೆಲಸ: ರಿಪೋರ್ಟಿನ ಪ್ರತಿ ಸಂಖ್ಯೆಯ ಪಕ್ಕ "ಯಾರು ತೀರ್ಮಾನ ಮಾಡಿದ್ದು?" ಅಂತ ಬರೆಯಿರಿ

ರಿಪೋರ್ಟಿನ ಪ್ರಿಂಟ್ ತೆಗೆದುಕೊಳ್ಳಿ. ಪೆನ್ನು ಹಿಡಿದು ಕೂತು ಪ್ರತಿ ಸಂಖ್ಯೆಗೂ ಪ್ರತಿ ವಿಧಾನದ ಹೆಸರಿಗೂ ಗುಂಡು ಸುತ್ತಿ. ಪಕ್ಕದಲ್ಲಿ ಮೂರರಲ್ಲಿ ಒಂದನ್ನು ಬರೆಯಿರಿ: "ನಾನು", "ಲೈಬ್ರರಿ", "ಡೇಟಾ ಕೊಟ್ಟವರು".

ನಮ್ಮ ಉದಾಹರಣೆಯಲ್ಲಿ ಹೀಗಾಗುತ್ತದೆ. ಡೇಟಾವನ್ನು 80:20 ಆಗಿ ಒಡೆದದ್ದು ನಾನು. ಹೌದು ಅಥವಾ ಇಲ್ಲ ಅಂತ ಬೇರ್ಪಡಿಸಲು 0.5 ಅನ್ನು ಗಡಿಯಾಗಿ, ಅಂದರೆ ಥ್ರೆಶೋಲ್ಡ್ ಆಗಿ, ಇಟ್ಟದ್ದು ಲೈಬ್ರರಿ. ಲಾಜಿಸ್ಟಿಕ್ ರಿಗ್ರೆಶನ್ ಮಾಡಿ `predict` ಅಂತ ಕರೆದರೆ 0.5 ತಾನಾಗಿ ಬರುತ್ತದೆ, ನೀವು ಎಲ್ಲೂ ಟೈಪ್ ಮಾಡಿರುವುದಿಲ್ಲ. ಕಾಣದ ಅಳತೆಗಳ ಜಾಗಕ್ಕೆ ಸೊನ್ನೆ ತುಂಬಿದ್ದು ಡೇಟಾ ಕೊಟ್ಟವರು. "ನಾನು" ಅಂತ ಬರೆದ ಕಡೆ ಒಂದು ಕಾರಣ ಇರಬೇಕು. ಉಳಿದ ಎರಡು ಬಂದ ಕಡೆ ಜಾಸ್ತಿ ಸಮಯ ಕೊಡಿ, ಪ್ರಶ್ನೆ ಬರುವುದು ಅಲ್ಲಿಂದಲೇ.

ಅಸಂಪ್ಶನ್ ಬಗ್ಗೆ ಬರುವ ಪ್ರಶ್ನೆಗಳು

"ನಿಮ್ಮ ಅಸಂಪ್ಶನ್‌ಗಳು ಯಾವುವು?" ಅಂತ ಕೇಳಿದರೆ ಬಹಳ ಜನ ಪಠ್ಯಪುಸ್ತಕದ ಪಟ್ಟಿ ಒಪ್ಪಿಸುತ್ತಾರೆ. ಕೇಳುವವರಿಗೆ ಬೇಕಾದದ್ದು ನಿಮ್ಮ ಡೇಟಾದ ಬಗ್ಗೆ ನೀವು ಏನನ್ನು ನಂಬಿದ್ದೀರಿ ಅನ್ನುವುದು. ಅದು ಗೊತ್ತಾಗಲು ಡೇಟಾವನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

```
cols = ["Glucose", "BloodPressure", "SkinThickness",
        "Insulin", "BMI"]
print((df[cols] == 0).sum())
```

ಈ ಡೇಟಾಸೆಟ್‌ನಲ್ಲಿ 768 ಮಹಿಳೆಯರ ವಿವರ ಇದೆ. ಮೇಲಿನ ಸಾಲುಗಳನ್ನು ಓಡಿಸಿದರೆ ಗ್ಲೂಕೋಸ್‌ನಲ್ಲಿ 5, ರಕ್ತದೊತ್ತಡದಲ್ಲಿ 35, ಚರ್ಮದ ದಪ್ಪದಲ್ಲಿ 227, ಇನ್ಸುಲಿನ್‌ನಲ್ಲಿ 374, ಬಿಎಂಐನಲ್ಲಿ 11 ಸೊನ್ನೆಗಳು ಸಿಗುತ್ತವೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರ ಇನ್ಸುಲಿನ್ ಅಳತೆಯೇ ಇಲ್ಲ. ಸೊನ್ನೆಗಳನ್ನು ಹಾಗೇ ಬಿಟ್ಟರೆ "ಅಳತೆ ಮಾಡಿಲ್ಲ" ಅನ್ನುವುದನ್ನು ಮಾಡೆಲ್ "ಇನ್ಸುಲಿನ್ ತೀರಾ ಕಡಿಮೆ" ಅಂತ ಓದಿಕೊಳ್ಳುತ್ತದೆ.

ಸರಿ, ಸೊನ್ನೆ ತೆಗೆದು ಮೀಡಿಯನ್ ತುಂಬಿದ್ದೀರಿ ಅಂತಿಟ್ಟುಕೊಳ್ಳಿ. ಮುಂದಿನ ಪ್ರಶ್ನೆ ತಯಾರಾಗಿಯೇ ಇರುತ್ತದೆ: "374 ಜನರಿಗೂ ಒಂದೇ ಇನ್ಸುಲಿನ್ ಬೆಲೆ ಕೊಟ್ಟಿದ್ದೀರಲ್ಲ, ಅದು ಸರಿನಾ?" ಇಲ್ಲಿ ನೀವು ಒಪ್ಪಿಕೊಂಡಿರುವ ವಿಷಯ ಏನು ಅಂತ ಬಾಯಿಬಿಟ್ಟು ಹೇಳಿ. ಅಳತೆ ತಪ್ಪಿಹೋದದ್ದಕ್ಕೂ ಆ ವ್ಯಕ್ತಿಯ ಇನ್ಸುಲಿನ್ ಮಟ್ಟಕ್ಕೂ ಸಂಬಂಧ ಇಲ್ಲ ಅಂತ ನೀವು ನಂಬಿದ್ದೀರಿ. ಅದನ್ನು ಈ ಡೇಟಾದಿಂದ ಸಾಬೀತು ಮಾಡಲು ಆಗುವುದಿಲ್ಲ. ಆದರೆ ನಂಬಿಕೆ ತಪ್ಪಾಗಿದ್ದರೆ ಫಲಿತಾಂಶ ಎಷ್ಟು ಅಲುಗಾಡುತ್ತದೆ ಅಂತ ನೋಡಬಹುದು. ಇನ್ಸುಲಿನ್ ಕಾಲಂ ಪೂರ್ತಿ ತೆಗೆದು ಮಾಡೆಲ್ ಮತ್ತೆ ಓಡಿಸಿ. ಫಲಿತಾಂಶ ಹೆಚ್ಚು ಬದಲಾಗದಿದ್ದರೆ ನಿಮ್ಮ ಕೈಯಲ್ಲಿ ಗಟ್ಟಿ ಉತ್ತರ ಇದೆ: "ಈ ಅಸಂಪ್ಶನ್ ಮೇಲೆ ನನ್ನ ಫಲಿತಾಂಶ ನಿಂತಿಲ್ಲ, ಆ ಕಾಲಂ ಇಲ್ಲದೆಯೂ ಓಡಿಸಿ ನೋಡಿದ್ದೇನೆ." ಬದಲಾದರೂ ಪರವಾಗಿಲ್ಲ. ಎಷ್ಟು ಬದಲಾಯಿತು ಅಂತ ಹೇಳಿ, ಅದೂ ಉತ್ತರವೇ.

ಯಾವ ಅಸಂಪ್ಶನ್‌ಗೂ ಈ ದಾರಿ ನಡೆಯುತ್ತದೆ. ನಾನು ಒಪ್ಪಿಕೊಂಡದ್ದು ಇದು, ಯಾಕೆಂದರೆ ಇದು, ಅದು ತಪ್ಪಾದರೆ ಆಗುವುದು ಇದು, ಅದನ್ನು ಹೀಗೆ ಪರೀಕ್ಷಿಸಿದೆ. ಮೂರನೆಯ ಭಾಗವನ್ನೇ ಜನ ಬಿಟ್ಟುಬಿಡುವುದು.

ಮೀಡಿಯನ್ ಮಾತು ಬಂದರೆ ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ: "ಮೀಡಿಯನ್ ಲೆಕ್ಕ ಹಾಕಿದ್ದು ಡೇಟಾ ಒಡೆಯುವ ಮೊದಲಾ, ಆಮೇಲಾ?" ಮೊದಲೇ ಹಾಕಿದ್ದರೆ ಟೆಸ್ಟ್ ಸೆಟ್‌ನ ಮಾಹಿತಿ ತರಬೇತಿಯೊಳಗೆ ಸೋರಿದೆ. ಇಲ್ಲಿ ಅದರ ಪರಿಣಾಮ ಚಿಕ್ಕದಿರಬಹುದು, ಆದರೂ ತಪ್ಪು ತಪ್ಪೇ. ಸೊನ್ನೆಗಳನ್ನು ಮೊದಲು `NaN` ಮಾಡಿ, ಆಮೇಲೆ ತುಂಬುವ ಕೆಲಸವನ್ನೂ ಪೈಪ್‌ಲೈನ್ ಒಳಗೇ ಇಟ್ಟರೆ ಈ ತಪ್ಪು ಆಗುವುದಿಲ್ಲ.

```
pipe = make_pipeline(SimpleImputer(strategy="median"),
                     StandardScaler(),
                     LogisticRegression())
cross_val_score(pipe, X_train, y_train, cv=5, scoring="recall")
```

ವೈವಾಗೆ ಎರಡು ದಿನ ಇರುವಾಗ ಈ ಸೋರಿಕೆ ಕಂಡುಬಂದರೆ ಮುಚ್ಚಿಡಬೇಡಿ. ಸರಿಮಾಡಿ ಮತ್ತೆ ಓಡಿಸಿ, ಹಳೆಯ ಮತ್ತು ಹೊಸ ಸಂಖ್ಯೆ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತಪ್ಪನ್ನು ತಾನೇ ಹಿಡಿದು ತಂದ ವಿದ್ಯಾರ್ಥಿಯ ಮೇಲೆ ನನಗೆ ಯಾವಾಗಲೂ ನಂಬಿಕೆ ಹೆಚ್ಚೇ ಆಗಿದೆ.

ಅಳತೆಗೋಲು: ಅಕ್ಯುರಸಿ ಯಾಕೆ, ರಿಕಾಲ್ ಯಾಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚು ಸಮಯ ಹಿಡಿಯುವ ಪ್ರಶ್ನೆಗಳು ಇಲ್ಲಿವೆ.

768 ಜನರಲ್ಲಿ 268 ಜನರಿಗೆ ಡಯಾಬಿಟಿಸ್ ಬಂದಿದೆ, 500 ಜನರಿಗೆ ಇಲ್ಲ. ಏನನ್ನೂ ಕಲಿಯದೆ ಎಲ್ಲರಿಗೂ "ಇಲ್ಲ" ಅಂತ ಹೇಳಿದರೂ ಅಕ್ಯುರಸಿ ಶೇ. 65 ಬರುತ್ತದೆ. ನಿಮ್ಮ ಸಂಖ್ಯೆಯನ್ನು ಯಾವಾಗಲೂ ಇದರ ಪಕ್ಕದಲ್ಲಿಟ್ಟು ಹೇಳಿ.

ಈಗ ಒಂದು ಲೆಕ್ಕ ಮಾಡೋಣ. ವಿವರಿಸಲು ಅಂತ ನಾನೇ ಇಟ್ಟುಕೊಂಡ ಸಂಖ್ಯೆಗಳಿವು. ಟೆಸ್ಟ್ ಸೆಟ್‌ನಲ್ಲಿ 154 ಜನ, ಅದರಲ್ಲಿ 54 ಜನರಿಗೆ ಕಾಯಿಲೆ ಬಂದಿದೆ, 100 ಜನರಿಗೆ ಇಲ್ಲ. ಥ್ರೆಶೋಲ್ಡ್ 0.5 ಇದ್ದಾಗ ಮಾಡೆಲ್ 54ರಲ್ಲಿ 32 ಜನರನ್ನು ಸರಿಯಾಗಿ ಹಿಡಿಯುತ್ತದೆ, 22 ಜನ ತಪ್ಪಿಸಿಕೊಳ್ಳುತ್ತಾರೆ. ಕಾಯಿಲೆ ಬರದ 100ರಲ್ಲಿ 14 ಜನರಿಗೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ಅಕ್ಯುರಸಿ 118/154, ಅಂದರೆ ಶೇ. 76.6. ಕೇಳಲು ಚೆನ್ನಾಗಿದೆ. ಆದರೆ ರಿಕಾಲ್ 32/54, ಶೇ. 59 ಮಾತ್ರ. ಹತ್ತು ಜನರಲ್ಲಿ ನಾಲ್ಕು ಜನ ಕೈತಪ್ಪಿ ಹೋಗುತ್ತಿದ್ದಾರೆ.

ಥ್ರೆಶೋಲ್ಡ್ 0.3ಕ್ಕೆ ಇಳಿಸಿದಾಗ 44 ಜನ ಸಿಗುತ್ತಾರೆ, 10 ಜನ ತಪ್ಪುತ್ತಾರೆ, ಸುಳ್ಳು ಎಚ್ಚರಿಕೆ 32ಕ್ಕೆ ಏರುತ್ತದೆ ಅಂತ ಇಟ್ಟುಕೊಳ್ಳಿ. ರಿಕಾಲ್ ಶೇ. 81 ದಾಟಿತು. ಅಕ್ಯುರಸಿ ಶೇ. 72.7ಕ್ಕೆ ಇಳಿಯಿತು.

"ಅಕ್ಯುರಸಿ ಕಡಿಮೆಯಾಯಿತಲ್ಲ, ಇದು ಹೇಗೆ ಒಳ್ಳೆಯ ಮಾಡೆಲ್?" ಅಂತ ಕೇಳುತ್ತಾರೆ. "ವೈದ್ಯಕೀಯದಲ್ಲಿ ರಿಕಾಲ್ ಮುಖ್ಯ, ಸರ್" ಅಂತ ಹೇಳಿ ನಿಲ್ಲಿಸಿದರೆ ಉತ್ತರ ಅರ್ಧಕ್ಕೇ ನಿಂತಂತೆ. ಹಾಗಾದರೆ ಎಲ್ಲರಿಗೂ "ಹೌದು" ಅಂದುಬಿಟ್ಟರೆ ರಿಕಾಲ್ ಶೇ. 100 ಬರುತ್ತದಲ್ವಾ, ಅದನ್ನೇ ಯಾಕೆ ಮಾಡಲಿಲ್ಲ ಅಂತ ಕೇಳಿದರೆ?

ಪೂರ್ತಿ ಉತ್ತರ ಎರಡು ಕನ್‌ಫ್ಯೂಷನ್ ಮ್ಯಾಟ್ರಿಕ್ಸ್‌ಗಳ, ಅಂದರೆ 0.5 ಮತ್ತು 0.3ರ ಮೇಲಿನ ಎಣಿಕೆಗಳ, ವ್ಯತ್ಯಾಸದಲ್ಲಿದೆ. 0.5ರಿಂದ 0.3ಕ್ಕೆ ಬಂದಾಗ 12 ಜನ ಹೆಚ್ಚು ಸಿಕ್ಕರು. ಅದಕ್ಕೆ ಕೊಟ್ಟ ಬೆಲೆ 18 ಹೆಚ್ಚುವರಿ ಸುಳ್ಳು ಎಚ್ಚರಿಕೆ. 18ನ್ನು 12ರಿಂದ ಭಾಗಿಸಿದರೆ ಒಂದೂವರೆ. ಈ ಒಂದೂವರೆ ನಿಮ್ಮ ಇಡೀ ವಾದದ ಬೆನ್ನೆಲುಬು. ಹೀಗೆ ಹೇಳಿ: "ಕಾಯಿಲೆ ಬರಲಿರುವ ಒಬ್ಬರು ತಪ್ಪಿಹೋಗುವುದು ಒಂದೂವರೆ ಸುಳ್ಳು ಎಚ್ಚರಿಕೆಗಿಂತ ದೊಡ್ಡ ನಷ್ಟ ಅಂತ ಒಪ್ಪಿದರೆ 0.3 ಒಳ್ಳೆಯದು. ಒಪ್ಪದಿದ್ದರೆ 0.5 ಒಳ್ಳೆಯದು. ಸುಳ್ಳು ಎಚ್ಚರಿಕೆ ಬಂದವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ, ಅಷ್ಟೇ. ತಪ್ಪಿಹೋದವರಿಗೆ ಎಚ್ಚರಿಕೆಯೇ ಸಿಗದೆ ಕಾಯಿಲೆ ಬರುತ್ತದೆ. ಅದಕ್ಕೆ ನಾನು 0.3 ಆರಿಸಿದೆ." ಈಗ ಮಾತು ಅಳತೆಗೋಲಿನ ಹೆಸರಿನಿಂದ ಅದರ ಹಿಂದಿನ ನಷ್ಟದ ಲೆಕ್ಕಕ್ಕೆ ಬಂತು. ಪರೀಕ್ಷಕರು ನೋಡಲು ಬಯಸುವುದು ಇದನ್ನೇ.

ಎಫ್1 ಸ್ಕೋರ್ ಬಳಸಿದವರಿಗೂ ಇದೇ ದಾರಿಯಲ್ಲಿ ಪ್ರಶ್ನೆ ಬರುತ್ತದೆ. ಎಫ್1 ಪ್ರಿಸಿಶನ್ ಮತ್ತು ರಿಕಾಲ್ ಎರಡಕ್ಕೂ ಸಮ ತೂಕ ಕೊಡುತ್ತದೆ, ಮತ್ತು ಕಾಯಿಲೆ ಬರದವರನ್ನು ಎಷ್ಟು ಸರಿಯಾಗಿ ಗುರುತಿಸಿತು ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಎರಡೂ ಸಮ ಅಂತ ನಿಮಗೆ ಯಾರು ಹೇಳಿದರು?" ಅಂದರೆ ಉತ್ತರ ಬೇಕು. "ಡೇಟಾ ಸಮತೋಲನದಲ್ಲಿಲ್ಲ, ಅದಕ್ಕೆ ಎಫ್1" ಅನ್ನುವುದು ಎಲ್ಲರೂ ಹೇಳುವ ಮಾತು. ಅಕ್ಯುರಸಿ ಯಾಕೆ ಬೇಡ ಅಂತ ಅದು ಹೇಳುತ್ತದೆ, ಎಫ್1 ಯಾಕೆ ಬೇಕು ಅಂತ ಹೇಳುವುದಿಲ್ಲ. ಎಯುಸಿ ಬಳಸಿದ್ದರೆ, ಅದು ಎಲ್ಲ ಥ್ರೆಶೋಲ್ಡ್‌ಗಳನ್ನೂ ಸೇರಿಸಿ ನೋಡುವ ಅಳತೆ ಅಂತ ನೆನಪಿಡಿ. ಮಾಡೆಲ್‌ಗಳನ್ನು ಹೋಲಿಸಲು ಒಳ್ಳೆಯದು, ಆದರೆ ನಾಳೆ ಒಬ್ಬ ವ್ಯಕ್ತಿಗೆ ಹೌದೋ ಅಲ್ಲವೋ ಅಂತ ಹೇಳಲು ಒಂದು ಥ್ರೆಶೋಲ್ಡ್ ಆರಿಸಲೇಬೇಕು.

ಥ್ರೆಶೋಲ್ಡ್ ಬಗ್ಗೆ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. "0.3 ಅಂತ ಎಲ್ಲಿ ನೋಡಿ ತೀರ್ಮಾನಿಸಿದಿರಿ?" "ಟೆಸ್ಟ್ ಸೆಟ್‌ನಲ್ಲಿ ಬೇರೆ ಬೇರೆ ಹಾಕಿ ನೋಡಿದೆ, ಸರ್." ಅಲ್ಲಿಗೆ ಟೆಸ್ಟ್ ಸೆಟ್ ಪರೀಕ್ಷೆಯಾಗಿ ಉಳಿಯಲಿಲ್ಲ, ತರಬೇತಿಯ ಭಾಗವಾಯಿತು. ಥ್ರೆಶೋಲ್ಡ್ ಆರಿಸುವುದು ತರಬೇತಿಯ 614 ಜನರ ಒಳಗೇ, ಕ್ರಾಸ್ ವ್ಯಾಲಿಡೇಶನ್ ಮಾಡಿ. ಮೇಲಿನ ಒಂದೂವರೆಯ ಲೆಕ್ಕವನ್ನೂ ಅಲ್ಲೇ ಮಾಡಿ, ಟೆಸ್ಟ್ ಸೆಟ್ ಸಂಖ್ಯೆಗಳನ್ನು ನಾನು ಬಳಸಿದ್ದು ವಿವರಿಸಲು ಮಾತ್ರ. ಟೆಸ್ಟ್ ಸೆಟ್ ಮುಟ್ಟುವುದು ಕೊನೆಯಲ್ಲಿ ಒಂದೇ ಸಲ.

"ಈ ಮಾಡೆಲ್ ಆ ಮಾಡೆಲ್‌ಗಿಂತ ಒಳ್ಳೆಯದು ಅಂತ ಹೇಗೆ ಹೇಳ್ತೀರಿ?"

ರಿಪೋರ್ಟಿನಲ್ಲಿ ನಾಲ್ಕೈದು ಮಾಡೆಲ್‌ಗಳ ಟೇಬಲ್ ಇದ್ದೇ ಇರುತ್ತದೆ. ಒಂದಕ್ಕೆ 76.6, ಇನ್ನೊಂದಕ್ಕೆ 77.9. ಎರಡನೆಯದು ಗೆದ್ದಿತು ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಶೇಕಡಾವಾರು ಸಂಖ್ಯೆಯನ್ನು ಮತ್ತೆ ಜನರ ಲೆಕ್ಕಕ್ಕೆ ತನ್ನಿ. 154ರಲ್ಲಿ 118 ಒಂದು ಕಡೆ, 120 ಇನ್ನೊಂದು ಕಡೆ. ವ್ಯತ್ಯಾಸ ಇಬ್ಬರು. ಡೇಟಾ ಒಡೆಯುವಾಗ `random_state` ಬದಲಾಯಿಸಿದರೆ ಆ ಇಬ್ಬರು ಆಚೀಚೆ ಆಗಬಹುದು.

ಮೇಲಿನ ರಿಕಾಲ್‌ಗೂ ಇದೇ ಮಾತು. ಶೇ. 59 ಅನ್ನುವುದು ಬರೀ 54 ಜನರ ಮೇಲೆ ನಿಂತ ಸಂಖ್ಯೆ. ಸಾಮಾನ್ಯ ಸೂತ್ರದಲ್ಲಿ ಶೇ. 95ರ ವಿಶ್ವಾಸ ವ್ಯಾಪ್ತಿ ಲೆಕ್ಕ ಹಾಕಿ:

```
p = 32/54
1.96 * sqrt(p*(1-p)/54)  ≈ 0.13
```

ಅಂದರೆ ನಿಜವಾದ ರಿಕಾಲ್ ಸುಮಾರು ಶೇ. 46ರಿಂದ 72ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟು ಅಗಲ ನೋಡಿ ಗಾಬರಿಯಾಗುವುದು ಸಹಜ. ಆದರೆ ಇದನ್ನು ನೀವೇ ಹೇಳಿದರೆ ಮುಂದಿನ ಎಷ್ಟೋ ಪ್ರಶ್ನೆಗಳು ಅಲ್ಲೇ ನಿಲ್ಲುತ್ತವೆ. ಟೇಬಲ್ ಬಗ್ಗೆ "ಈ ಎರಡು ಮಾಡೆಲ್‌ಗಳನ್ನು ಬೇರ್ಪಡಿಸುವಷ್ಟು ಡೇಟಾ ನನ್ನ ಹತ್ತಿರ ಇಲ್ಲ. ಅರ್ಥ ಮಾಡಿಕೊಳ್ಳಲು ಸುಲಭ ಅನ್ನುವ ಕಾರಣಕ್ಕೆ ಲಾಜಿಸ್ಟಿಕ್ ರಿಗ್ರೆಶನ್ ಉಳಿಸಿಕೊಂಡೆ" ಅಂತ ಹೇಳಿ. ಅದು ಪ್ರಾಮಾಣಿಕವೂ ಹೌದು, ಗಟ್ಟಿಯೂ ಹೌದು.

ಮಿತಿಗಳು: "ಡೇಟಾ ಕಡಿಮೆ ಇತ್ತು" ಅಂದರೆ ಸಾಲದು

ರಿಪೋರ್ಟಿನ ಕೊನೆಯಲ್ಲಿ "ಡೇಟಾ ಕಡಿಮೆ, ಮುಂದೆ ಡೀಪ್ ಲರ್ನಿಂಗ್ ಬಳಸಬಹುದು" ಅನ್ನುವ ಎರಡು ಸಾಲು ಇರುತ್ತವೆ. ಅದು ಯಾವ ಪ್ರಾಜೆಕ್ಟಿಗೂ ಅಂಟಿಸಬಹುದಾದ ಮಾತು. ನಿಮ್ಮ ಮಿತಿ ನಿಮ್ಮ ಪ್ರಾಜೆಕ್ಟಿಗೆ ಮಾತ್ರ ಹೊಂದಬೇಕು. ಅದಕ್ಕೆ ಒಂದು ಪ್ರಶ್ನೆ ಸಾಕು: ಈ ಡೇಟಾ ಯಾರದು, ಏನನ್ನು ಅಳೆದಿದ್ದಾರೆ?

ಇಲ್ಲಿ ಇರುವವರೆಲ್ಲ ಅಮೆರಿಕದ ಅರಿಜೋನಾದ ಫೀನಿಕ್ಸ್ ಹತ್ತಿರದ ಪೀಮಾ ಸಮುದಾಯದ ಮಹಿಳೆಯರು, 21 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರು. ಡಯಾಬಿಟಿಸ್ ತುಂಬಾ ಹೆಚ್ಚಾಗಿ ಕಾಣಿಸಿಕೊಂಡ ಸಮುದಾಯ ಅದು. ಗಂಡಸರ ಒಂದು ಸಾಲೂ ಇಲ್ಲ. ಎಷ್ಟು ಸಲ ಗರ್ಭಿಣಿಯಾಗಿದ್ದರು ಅನ್ನುವ ಕಾಲಂ ಕೂಡ ಇದೆ. ಹಾಗಿರುವಾಗ ರಿಪೋರ್ಟಿನ ಹೆಸರಿನಲ್ಲಿ "ಎಲ್ಲರಿಗೂ" ಅನ್ನುವ ಅರ್ಥ ಬಂದಿದ್ದರೆ ಪ್ರಶ್ನೆ ಖಂಡಿತ.

ಇನ್ನೊಂದು ವಿಷಯ ತುಂಬಾ ಜನರ ಕಣ್ಣಿಗೆ ಬೀಳುವುದಿಲ್ಲ. ಈ ಡೇಟಾವನ್ನು ಬಳಸಿದ 1988ರ ಮೂಲ ಅಧ್ಯಯನದ ಗುರಿ ಮುಂದಿನ ಐದು ವರ್ಷಗಳ ಒಳಗೆ ಡಯಾಬಿಟಿಸ್ ಬರುತ್ತದೆಯೇ ಅಂತ ಹೇಳುವುದು. "ನನ್ನ ಮಾಡೆಲ್ ಡಯಾಬಿಟಿಸ್ ಇದೆಯಾ ಅಂತ ಪತ್ತೆ ಮಾಡುತ್ತದೆ" ಅಂತ ಹೇಳಿದರೆ ಅದು ಬೇರೆಯೇ ಕೆಲಸ. ಪತ್ತೆ ಮತ್ತು ಮುನ್ಸೂಚನೆ ಎರಡನ್ನೂ ಕಲಸಿದರೆ ಮುಂದಿನ ಉತ್ತರಗಳೆಲ್ಲ ದಾರಿ ತಪ್ಪುತ್ತವೆ. ರಿಪೋರ್ಟಿನಲ್ಲಿ "ಪತ್ತೆ" ಅನ್ನುವ ಪದ ಎಲ್ಲೆಲ್ಲಿ ಬಂದಿದೆ ಅಂತ ಇವತ್ತೇ ಹುಡುಕಿ.

ಮೂರನೆಯದು ಲೆಕ್ಕ ಬೇಡುವ ಮಿತಿ. ಡೇಟಾಸೆಟ್‌ನಲ್ಲಿ ಶೇ. 35 ಜನರಿಗೆ ಕಾಯಿಲೆ ಬಂದಿದೆ. ನೂರಕ್ಕೆ ಹತ್ತು ಜನರಿಗೆ ಮಾತ್ರ ಬರುವ ಕಡೆ ಇದೇ ಮಾಡೆಲ್ ಬಳಸಿದರೆ? 1000 ಜನರಲ್ಲಿ 100 ಜನರಿಗೆ ಕಾಯಿಲೆ ಬರುತ್ತದೆ ಅಂತಿಟ್ಟುಕೊಳ್ಳಿ. 0.3 ಥ್ರೆಶೋಲ್ಡ್‌ನ ರಿಕಾಲ್ ಹಾಗೇ ಉಳಿದರೆ ಸುಮಾರು 81 ಜನ ಸಿಗುತ್ತಾರೆ. ಉಳಿದ 900 ಜನರಲ್ಲಿ ಶೇ. 32ರಂತೆ 288 ಜನರಿಗೆ ಸುಳ್ಳು ಎಚ್ಚರಿಕೆ. ಒಟ್ಟು 369 ಎಚ್ಚರಿಕೆಗಳಲ್ಲಿ ನಿಜವಾದವು 81, ಅಂದರೆ ಪ್ರಿಸಿಶನ್ ಶೇ. 22. ಟೆಸ್ಟ್ ಸೆಟ್‌ನಲ್ಲಿ ಅದು 76ಕ್ಕೆ 44, ಶೇ. 58 ಇತ್ತು. ಮಾಡೆಲ್ ಬದಲಾಗಿಲ್ಲ, ಜನ ಬದಲಾದರು ಅಷ್ಟೇ. ಅಲ್ಲಿ ಸುಳ್ಳು ಎಚ್ಚರಿಕೆಗಳ ರಾಶಿ ಬೀಳುವುದರಿಂದ 0.3 ಅನ್ನುವ ನಿಮ್ಮ ತೀರ್ಮಾನವನ್ನೂ ಮತ್ತೆ ನೋಡಬೇಕಾಗುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದವರಿಗೆ ಮಿತಿಗಳ ಬಗ್ಗೆ ನಾನು ಎರಡನೆಯ ಪ್ರಶ್ನೆ ಕೇಳಿದ್ದೇ ಇಲ್ಲ.

ಪ್ರತಿ ಮಿತಿಯ ಜೊತೆಗೂ ಅದು ಯಾವ ಸಂಖ್ಯೆಯನ್ನು ಯಾವ ದಿಕ್ಕಿಗೆ ತಳ್ಳುತ್ತದೆ ಅಂತ ಹೇಳಲು ನೋಡಿ. ಅಷ್ಟು ಹೇಳಲು ಬಾರದಿದ್ದರೆ ಆ ಮಿತಿಯನ್ನು ನೀವೇ ಪೂರ್ತಿ ಅರ್ಥ ಮಾಡಿಕೊಂಡಿಲ್ಲ ಅಂತ ಅರ್ಥ. ಮೂರು ಮಿತಿ ಸಾಕು. ಹತ್ತು ಹೇಳಿದರೆ ಹತ್ತಕ್ಕೂ ಪ್ರಶ್ನೆ ಬರುತ್ತದೆ.

ಬಾಯಿಬಿಟ್ಟು ಹೇಳುವ ಅಭ್ಯಾಸ

ಮನಸ್ಸಿನಲ್ಲಿ ಓದಿಕೊಂಡ ಉತ್ತರ ಬಾಯಿಗೆ ಬರುವಾಗ ತೊದಲುತ್ತದೆ. ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಎದುರು ಕೂರಿಸಿಕೊಳ್ಳಿ. ಅವರಿಗೆ ವಿಷಯ ಗೊತ್ತಿರಬೇಕಾಗಿಲ್ಲ. ನೀವು ಏನೇ ಹೇಳಿದರೂ ಅವರು "ಯಾಕೆ?" ಅಂತ ಮೂರು ಸಲ ಕೇಳಲಿ, ಅಷ್ಟೇ. "ಥ್ರೆಶೋಲ್ಡ್ 0.3." ಯಾಕೆ? "ಕಾಯಿಲೆ ಬರಲಿರುವವರು ತಪ್ಪಬಾರದು." ಯಾಕೆ 0.2 ಅಲ್ಲ? ಹೆಚ್ಚಾಗಿ ಎರಡನೆಯ "ಯಾಕೆ"ಗೆ ನಿಲ್ಲುತ್ತೀರಿ. ನಿಂತ ಜಾಗವನ್ನು ಬರೆದಿಟ್ಟು ನೋಟ್‌ಬುಕ್ ತೆರೆದು ಉತ್ತರ ಹುಡುಕಿ. ಇದನ್ನು ಎರಡು ಸಂಜೆ ಮಾಡಿದರೆ ಬೇಕಾದ್ದೆಲ್ಲ ಹೊರಬರುತ್ತದೆ. ಗುಂಪಿನ ಪ್ರಾಜೆಕ್ಟ್ ಆದರೆ ಇನ್ನೊಬ್ಬರು ಮಾಡಿದ ಭಾಗದ ಮೇಲೂ ಇದೇ ಪ್ರಶ್ನೆ ಕೇಳಿಸಿಕೊಳ್ಳಿ. "ಅದು ಅವನು ಮಾಡಿದ್ದು, ಸರ್" ಅನ್ನುವ ಉತ್ತರ ನಡೆಯುವುದಿಲ್ಲ.

ಹಿಂದಿನ ದಿನ ನೋಟ್‌ಬುಕ್ ಅನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡಿಸಿ, ರಿಪೋರ್ಟಿನ ಸಂಖ್ಯೆಗಳೇ ಬರುತ್ತವಾ ಅಂತ ನೋಡಿ. ಎರಡು ಕನ್‌ಫ್ಯೂಷನ್ ಮ್ಯಾಟ್ರಿಕ್ಸ್, ಸೊನ್ನೆಗಳ ಎಣಿಕೆ ಮತ್ತು 1000 ಜನರ ಆ ಲೆಕ್ಕ ಒಂದೇ ಹಾಳೆಯಲ್ಲಿರಲಿ. ಇಷ್ಟಾದರೂ ಗೊತ್ತಿಲ್ಲದ ಪ್ರಶ್ನೆ ಒಂದು ಬಂದೇ ಬರುತ್ತದೆ. ಆಗ ಊಹೆ ಮಾಡಿ ಹೇಳಬೇಡಿ, "ಗೊತ್ತಿಲ್ಲ" ಅಂತ ಹೇಳಿ ಅಲ್ಲೇ ಬಿಡಲೂ ಬೇಡಿ.

ಮೊದಲಿಗೆ ಹೇಳಿದ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದವಳು ಆಮೇಲೆ ಹೇಳಿದಳು: "ಇದನ್ನು ನಾನು ಗಮನಿಸಿರಲಿಲ್ಲ, ಸರ್. ಸೊನ್ನೆಗಳು ಅಳತೆ ಆಗದೇ ಇದ್ದವು ಅನ್ನಿಸುತ್ತೆ. ಮೊದಲು ಯಾವ ಕಾಲಂನಲ್ಲಿ ಎಷ್ಟಿವೆ ಅಂತ ಎಣಿಸುತ್ತೇನೆ. ಆ ಸಾಲುಗಳಿಲ್ಲದೆ ಒಂದು ಸಲ ಓಡಿಸಿ ನೋಡುತ್ತೇನೆ. ಇಲ್ಲೇ ಮಾಡಲಾ?"

"ಮಾಡಮ್ಮ" ಅಂದೆ. ಅವಳು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು.